ದಕ್ಷಿಣದ ಚೌಕ, ಉತ್ತರದ ವಜ್ರ: ಸಾಲಾವಳಿ ನೋಡುವಾಗ ಎರಡು ಬಗೆಯ ಕುಂಡಲಿಗಳನ್ನು ತಪ್ಪಿಲ್ಲದೆ ಓದುವ ಕ್ರಮ

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬರೆಸಿದ ವಧುವಿನ ಜಾತಕ ಒಂದು ಕಡೆ, ಪುಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬದಿಂದ ಬಂದ ವರನ ಜಾತಕ ಇನ್ನೊಂದು ಕಡೆ. ಮೊದಲನೆಯದು ಚೌಕದ ಸುತ್ತ ಹನ್ನೆರಡು ಮನೆಗಳಿರುವ ದಕ್ಷಿಣ ಕ್ರಮದ ಕುಂಡಲಿ, ಎರಡನೆಯದು ಗೆರೆಗಳು ಅಡ್ಡಹಾಯ್ದ ವಜ್ರಾಕೃತಿಯ ಉತ್ತರ ಕ್ರಮದ ಕುಂಡಲಿ. ಇವೆರಡನ್ನೂ ಪಕ್ಕದಲ್ಲಿಟ್ಟುಕೊಂಡು ಸಾಲಾವಳಿ ನೋಡುವವರಲ್ಲಿ ಅನೇಕರು ಒಂದೇ ಜಾಗದಲ್ಲಿ ಎಡವುತ್ತಾರೆ: ಒಂದು ಕುಂಡಲಿಯ ಓದಿನ ನಿಯಮವನ್ನು ಇನ್ನೊಂದಕ್ಕೆ ಹಚ್ಚುತ್ತಾರೆ. ಆಗ ಇರುವ ಕುಜದೋಷ ಕಣ್ಣಿಗೆ ಬೀಳುವುದಿಲ್ಲ, ಷಷ್ಠಾಷ್ಟಕದ ಜಾಗದಲ್ಲಿ ಸಮಸಪ್ತಕ ಕಾಣುತ್ತದೆ. ಗ್ರಹಗಳು ಎರಡು ಬರಹದಲ್ಲೂ ಇದ್ದಲ್ಲೇ ಇರುತ್ತವೆ, ಬದಲಾಗುವುದು ಅವುಗಳನ್ನು ಕಾಗದದ ಮೇಲೆ ಕೂರಿಸುವ ರೀತಿ ಮಾತ್ರ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಬೇಕು. ಕೂಟಗಳ ಲೆಕ್ಕಕ್ಕೆ ಮೊದಲೇ ಕೈಹಾಕಬಾರದು.

## ಮೊದಲು ಕೈಗೆ ಬೇಕಾದವು

ಕುಂಡಲಿಯ ಚಿತ್ರವೊಂದೇ ಸಾಲದು. ಇಬ್ಬರ ಜನ್ಮದಿನಾಂಕ, ಜನ್ಮಸಮಯ, ಜನ್ಮಸ್ಥಳ, ತಿಥಿ ಮತ್ತು ಚಂದ್ರನ ಸ್ಫುಟ, ಎಂದರೆ ಚಂದ್ರ ತನ್ನ ರಾಶಿಯಲ್ಲಿ ಎಷ್ಟು ಅಂಶದಲ್ಲಿದ್ದಾನೆ ಎಂಬ ಅಂಕಿ ಬೇಕು. ಸ್ಫುಟವಿಲ್ಲದಿದ್ದರೆ ಕನಿಷ್ಠ ಜನ್ಮನಕ್ಷತ್ರ ಮತ್ತು ಪಾದವಾದರೂ ಬರೆದಿರಬೇಕು. ಇವುಗಳ ಜೊತೆಗೆ ಒಂದು ಖಾಲಿ ಹಾಳೆ ಇಟ್ಟುಕೊಳ್ಳಿ. ವಾಟ್ಸಾಪಿನಲ್ಲಿ ಬಂದ ಕುಂಡಲಿಯ ಅರ್ಧ ಚಿತ್ರವನ್ನು ಮಾತ್ರ ನೋಡಿ ಹೊಂದಾಣಿಕೆ ಹೇಳುವುದು ಬೇಡ. ಪೂರ್ತಿ ಪುಟವನ್ನು ಕೇಳಿ ತರಿಸಿಕೊಳ್ಳಿ.

## ಹಂತ 1: ಇದು ಯಾವ ಕುಂಡಲಿ ಎಂದು ಖಚಿತಪಡಿಸಿಕೊಳ್ಳಿ

ಉತ್ತರ ಕ್ರಮದ ಜಾತಕದ ಒಂದೇ ಪುಟದಲ್ಲಿ ಲಗ್ನ ಕುಂಡಲಿ, ಚಂದ್ರ ಕುಂಡಲಿ, ನವಾಂಶ ಕುಂಡಲಿ ಮತ್ತು ಚಲಿತ ಕುಂಡಲಿ ಒಟ್ಟಿಗೆ ಅಚ್ಚಾಗಿರುವುದುಂಟು. ನಾಲ್ಕೂ ಒಂದೇ ಆಕಾರದ ವಜ್ರಗಳಾದ್ದರಿಂದ ತಲೆಬರಹವನ್ನು ಓದದೆ ಮೊದಲು ಕಂಡದ್ದನ್ನು ತೆಗೆದುಕೊಂಡರೆ ಮುಂದಿನ ಎಲ್ಲ ಲೆಕ್ಕವೂ ಕೆಡುತ್ತದೆ. ಸಾಲಾವಳಿಗೆ ಬೇಕಾದದ್ದು ಲಗ್ನ ಕುಂಡಲಿ. ದಕ್ಷಿಣದ ಜಾತಕಗಳಲ್ಲಿ ಇದನ್ನೇ ರಾಶಿ ಕುಂಡಲಿ ಎಂದು ಬರೆದಿರುತ್ತಾರೆ.

ಇಲ್ಲಿ ಗಮನಿಸಬೇಕಾದ ಸೂಚನೆ ಒಂದಿದೆ. ವಜ್ರದ ಮೇಲ್ತುದಿಯ ಮನೆಯಲ್ಲಿ ಚಂದ್ರನಿದ್ದರೆ ತಕ್ಷಣ ಅನುಮಾನಿಸಿ, ಏಕೆಂದರೆ ಚಂದ್ರ ಕುಂಡಲಿಯಲ್ಲಿ ಚಂದ್ರ ಯಾವಾಗಲೂ ಅಲ್ಲೇ ಇರುತ್ತಾನೆ. ಲಗ್ನದಲ್ಲೇ ಚಂದ್ರನಿರುವ ಜಾತಕಗಳೂ ಇವೆ. ಆದರೆ ಅದು ಹಾಗೆಯೇ ಎಂಬುದನ್ನು ಪುಟದಲ್ಲಿ ಬರೆದ ಲಗ್ನದ ಹೆಸರಿನೊಡನೆ ತಾಳೆ ನೋಡಿಯೇ ಒಪ್ಪಬೇಕು. ಚಲಿತ ಕುಂಡಲಿಯಲ್ಲಿ ಭಾವಸಂಧಿಯ ಲೆಕ್ಕದಿಂದ ಕೆಲವು ಗ್ರಹಗಳು ಪಕ್ಕದ ಮನೆಗೆ ಸರಿದಿರಬಹುದು. ಒಬ್ಬರದ್ದು ಚಲಿತ, ಇನ್ನೊಬ್ಬರದ್ದು ರಾಶಿ ಕುಂಡಲಿ ಇಟ್ಟು ಹೋಲಿಸುವುದು ಎಂದಿಗೂ ಸರಿಯಾಗದು.

## ಹಂತ 2: ದಕ್ಷಿಣ ಕ್ರಮದಲ್ಲಿ ರಾಶಿ ಸ್ಥಿರ, ಲಗ್ನ ಚಲ

ದಕ್ಷಿಣದ ಚೌಕದಲ್ಲಿ ಪ್ರತಿ ರಾಶಿಗೂ ನಿಗದಿಯಾದ ಜಾಗವಿದೆ, ಅದು ಯಾರ ಜಾತಕದಲ್ಲೂ ಬದಲಾಗದು. ಹಾಗಾಗಿಯೇ ಮನೆಗಳಲ್ಲಿ ರಾಶಿಯ ಹೆಸರನ್ನಾಗಲಿ ಸಂಖ್ಯೆಯನ್ನಾಗಲಿ ಬರೆದಿರುವುದಿಲ್ಲ.

| | | | |
|---|---|---|---|
| ಮೀನ | ಮೇಷ | ವೃಷಭ | ಮಿಥುನ |
| ಕುಂಭ | | | ಕರ್ಕಾಟಕ |
| ಮಕರ | | | ಸಿಂಹ |
| ಧನು | ವೃಶ್ಚಿಕ | ತುಲಾ | ಕನ್ಯಾ |

ನಾಲ್ಕು ಮೂಲೆಗಳಲ್ಲಿರುವುದು ನಾಲ್ಕು ದ್ವಿಸ್ವಭಾವ ರಾಶಿಗಳು ಎಂದು ನೆನಪಿಟ್ಟುಕೊಂಡರೆ ಉಳಿದವು ತಾವಾಗಿಯೇ ಕೂರುತ್ತವೆ. ಎಣಿಕೆ ಪ್ರದಕ್ಷಿಣವಾಗಿ, ಎಂದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ನಡೆಯುತ್ತದೆ. ‘ಲ’ ಎಂದು ಬರೆದಿರುವ ಅಥವಾ ಓರೆಗೆರೆ ಎಳೆದಿರುವ ಮನೆಯೇ ಲಗ್ನ. ಭಾವಗಳನ್ನು ಅಲ್ಲಿಂದ ಎಣಿಸಬೇಕು, ಲಗ್ನದ ಮನೆಯನ್ನೇ ಒಂದು ಎಂದು ಹಿಡಿಯಬೇಕು.

ಈ ಕುಂಡಲಿಯನ್ನು ಬಾಲ್ಯದಿಂದ ನೋಡಿದವರೂ ಎರಡು ಕಡೆ ತಪ್ಪುತ್ತಾರೆ. ಮೊದಲನೆಯದು, ಮೇಷದ ಮನೆಯಿಂದಲೇ ಭಾವವನ್ನು ಎಣಿಸುವುದು. ಎರಡನೆಯದು, ಏಳನೆಯ ಮನೆಯನ್ನು ನೇರ ಕೆಳಗೆ ಅಥವಾ ನೇರ ಪಕ್ಕಕ್ಕೆ ಹುಡುಕುವುದು. ಮೇಷದ ನೇರ ಕೆಳಗಿರುವುದು ವೃಶ್ಚಿಕ, ಅದು ಮೇಷಕ್ಕೆ ಎಂಟನೆಯದು. ಏಳನೆಯದಾದ ತುಲಾ ಅದರ ಬಲಪಕ್ಕದಲ್ಲಿದೆ. ಚೌಕದ ನಡುಬಿಂದುವಿನ ಮೂಲಕ ಗೆರೆ ಎಳೆದಾಗ ಎದುರು ಸಿಗುವ ಮನೆಯೇ ಏಳನೆಯದು. ಕಳತ್ರಸ್ಥಾನವನ್ನು ನೋಡುವುದೇ ಕೆಲಸವಾಗಿರುವಾಗ ಈ ತಪ್ಪಿಗೆ ಎಡೆ ಕೊಡಬಾರದು.

## ಹಂತ 3: ಉತ್ತರ ಕ್ರಮದಲ್ಲಿ ಭಾವ ಸ್ಥಿರ, ರಾಶಿ ಚಲ

ಉತ್ತರದ ಕುಂಡಲಿಯಲ್ಲಿ ಇದು ತಲೆಕೆಳಗು. ಮೇಲ್ಭಾಗದ ನಡುವಿನ ವಜ್ರವೇ ಯಾವಾಗಲೂ ಲಗ್ನ, ಎಂದರೆ ಮೊದಲ ಭಾವ. ಅಲ್ಲಿಂದ ಅಪ್ರದಕ್ಷಿಣವಾಗಿ, ಎಡಕ್ಕೆ ಹೊರಟು ಎಣಿಸಬೇಕು. ಮೇಲಿನ ಎಡ ಮೂಲೆಯ ಎರಡು ತ್ರಿಕೋನಗಳು ಎರಡು ಮತ್ತು ಮೂರನೆಯ ಭಾವಗಳು, ಎಡಬದಿಯ ವಜ್ರ ನಾಲ್ಕನೆಯದು, ಕೆಳಗಿನ ಎಡ ಮೂಲೆಯ ತ್ರಿಕೋನಗಳು ಐದು ಮತ್ತು ಆರು, ತಳದ ವಜ್ರ ಏಳು, ಕೆಳಗಿನ ಬಲ ಮೂಲೆಯವು ಎಂಟು ಮತ್ತು ಒಂಬತ್ತು, ಬಲಬದಿಯ ವಜ್ರ ಹತ್ತು, ಮೇಲಿನ ಬಲ ಮೂಲೆಯವು ಹನ್ನೊಂದು ಮತ್ತು ಹನ್ನೆರಡು. ನಾಲ್ಕು ವಜ್ರಗಳೇ ನಾಲ್ಕು ಕೇಂದ್ರಗಳು.

ಮನೆಗಳಲ್ಲಿ ಬರೆದಿರುವ ಅಂಕಿಗಳು ಭಾವದ ಸಂಖ್ಯೆಗಳಲ್ಲ, ರಾಶಿಯ ಸಂಖ್ಯೆಗಳು: 1 ಎಂದರೆ ಮೇಷ, 2 ವೃಷಭ, ಹೀಗೆ 12 ಎಂದರೆ ಮೀನ. ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದು ಇದೊಂದೇ ಜಾಗದಲ್ಲಿ, ಆದ್ದರಿಂದ ಈ ವಾಕ್ಯವನ್ನು ಹಾಳೆಯ ತಲೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ. ಮೇಲ್ತುದಿಯ ವಜ್ರದಲ್ಲಿ 2 ಎಂದಿದ್ದರೆ ಅದು ವೃಷಭ ಲಗ್ನ, ಎರಡನೆಯ ಭಾವವಲ್ಲ.

ಹಿಂದಿ, ಮರಾಠಿ ಜಾತಕಗಳಲ್ಲಿ ಅಂಕಿಗಳು ದೇವನಾಗರಿಯಲ್ಲಿರುತ್ತವೆ. ಕೈಬರಹದಲ್ಲಿ ಅವುಗಳ ಒಂದು ಮತ್ತು ಒಂಬತ್ತು ಕೆಲವೊಮ್ಮೆ ಒಂದೇ ತೆರನಾಗಿ ಕಾಣುತ್ತವೆ. ಅನುಮಾನ ಬಂದರೆ ಹಿಂದಿನ ಮತ್ತು ಮುಂದಿನ ಮನೆಗಳ ಅಂಕಿಗಳನ್ನು ನೋಡಿ: ಅಪ್ರದಕ್ಷಿಣವಾಗಿ ಹೋಗುವಾಗ ಪ್ರತಿ ಮನೆಗೂ ಒಂದೊಂದು ಹೆಚ್ಚುತ್ತಾ, 12ರ ನಂತರ 1 ಬರಬೇಕು.

## ಹಂತ 4: ಗ್ರಹಗಳ ಸಂಕೇತಾಕ್ಷರಗಳನ್ನು ಬಿಡಿಸಿಕೊಳ್ಳಿ

ಹಿಂದಿ ಜಾತಕದ ‘ಮಂ’ ಎಂದರೆ ಮಂಗಳ, ನಮ್ಮ ಕುಜ. ಕೇರಳ ಪದ್ಧತಿಯ ಜಾತಕದಲ್ಲಿ ‘ಮ’ ಎಂದರೆ ಮಂದ, ಎಂದರೆ ಶನಿ. ‘ಮಾ’ ಎಂದರೆ ಮಾಂದಿ. ಇಂಗ್ಲಿಷಿನಲ್ಲಿ ಮುದ್ರಿತವಾದ ಜಾತಕದಲ್ಲಿ `Ma` ಕುಜ, `Me` ಬುಧ, `Mo` ಚಂದ್ರ. ಹೀಗೆ ಒಂದೇ ಬಗೆಯ ಅಕ್ಷರ ಬೇರೆ ಬೇರೆ ಕಡೆ ಬೇರೆ ಬೇರೆ ಗ್ರಹಗಳನ್ನು ಸೂಚಿಸುವುದರಿಂದ, ಕುಜದೋಷ ನೋಡುವ ಮೊದಲು ಕುಜ ಯಾವುದು ಎಂಬುದನ್ನು ಗ್ರಹಸ್ಫುಟದ ಪಟ್ಟಿಯೊಡನೆ ತಾಳೆ ನೋಡಬೇಕು. ‘ಶ’ ಮತ್ತು ‘ಶು’ಗಳ ನಡುವೆ ಕೊಂಬು ಮಸುಕಾಗಿರುವ ಜೆರಾಕ್ಸ್ ಪ್ರತಿಗಳಲ್ಲೂ ಇದೇ ಎಚ್ಚರ ಬೇಕು.

## ಹಂತ 5: ಚಿತ್ರವನ್ನು ಬಿಟ್ಟು ಪಟ್ಟಿ ಮಾಡಿ

ಎರಡು ಚಿತ್ರಗಳನ್ನು ಕಣ್ಣಿನಿಂದಲೇ ಹೋಲಿಸಲು ಹೋಗಬೇಡಿ. ಪ್ರತಿ ಜಾತಕದಿಂದಲೂ ಗ್ರಹ, ರಾಶಿ, ಭಾವ ಎಂಬ ಮೂರು ಕಲಮುಗಳ ಪಟ್ಟಿಯನ್ನು ತೆಗೆಯಿರಿ. ಉತ್ತರ ಕ್ರಮದಲ್ಲಿ ರಾಶಿಯನ್ನು ಅಂಕಿಯಿಂದಲೂ ಭಾವವನ್ನು ಮನೆಯ ಜಾಗದಿಂದಲೂ ಪಡೆಯಬೇಕು. ದಕ್ಷಿಣ ಕ್ರಮದಲ್ಲಿ ರಾಶಿಯನ್ನು ಜಾಗದಿಂದಲೂ ಭಾವವನ್ನು ಎಣಿಕೆಯಿಂದಲೂ ಪಡೆಯಬೇಕು.

ವಿವರಣೆಗಾಗಿ ಒಂದು ಜೋಡಿಯನ್ನು ಕಟ್ಟಿಕೊಳ್ಳೋಣ. ವರ ಪುಣೆಯಲ್ಲಿ ನವೆಂಬರ್ ಕೊನೆಯ ವಾರ, ಶುಕ್ಲ ಷಷ್ಠಿಯಂದು, ಸೂರ್ಯಾಸ್ತವಾಗಿ ಸುಮಾರು ಅರ್ಧ ಗಂಟೆಯ ನಂತರ ಹುಟ್ಟಿದವನು. ಅವನ ವಜ್ರಾಕೃತಿಯ ಕುಂಡಲಿಯ ಮೇಲ್ತುದಿಯಲ್ಲಿ 2 ಎಂದಿದೆ. ತಳದ ವಜ್ರದಲ್ಲಿ 8 ಎಂಬ ಅಂಕಿಯ ಜೊತೆ ರವಿ, ಬುಧ, ಗುರು ಇದ್ದಾರೆ; ಅದರ ಬಲಕ್ಕಿರುವ ತ್ರಿಕೋನದಲ್ಲಿ 9ರ ಜೊತೆ ಕುಜ ಮತ್ತು ಶುಕ್ರ; ಮುಂದಿನ ತ್ರಿಕೋನದಲ್ಲಿ 10ರ ಜೊತೆ ಚಂದ್ರ. ಪಟ್ಟಿ ಹೀಗಾಗುತ್ತದೆ:

| ಗ್ರಹ | ರಾಶಿ | ಭಾವ |
|---|---|---|
| ಲಗ್ನ | ವೃಷಭ (2) | 1 |
| ರಾಹು | ತುಲಾ (7) | 6 |
| ರವಿ, ಬುಧ, ಗುರು | ವೃಶ್ಚಿಕ (8) | 7 |
| ಕುಜ, ಶುಕ್ರ | ಧನು (9) | 8 |
| ಚಂದ್ರ | ಮಕರ (10) | 9 |
| ಶನಿ | ಕುಂಭ (11) | 10 |
| ಕೇತು | ಮೇಷ (1) | 12 |

ಭಾವವನ್ನು ಲೆಕ್ಕದಿಂದಲೂ ಪರೀಕ್ಷಿಸಬಹುದು: ಗ್ರಹದ ರಾಶಿಸಂಖ್ಯೆಯಿಂದ ಲಗ್ನದ ರಾಶಿಸಂಖ್ಯೆಯನ್ನು ಕಳೆದು ಒಂದನ್ನು ಕೂಡಿಸಿ, ಉತ್ತರ ಸೊನ್ನೆಯಾದರೆ ಅಥವಾ ಅದಕ್ಕಿಂತ ಕಡಿಮೆ ಬಂದರೆ ಹನ್ನೆರಡನ್ನು ಸೇರಿಸಿ. ವರನ ಕುಜನಿಗೆ 9 − 2 + 1 = 8.

ವಧುವಿನದು ಮೈಸೂರಿನ ಜಾತಕ, ಮಾರ್ಚ್ ಮೊದಲ ವಾರದ ರಾತ್ರಿ ಸುಮಾರು 8 ಗಂಟೆಯ ಜನನ. ಚೌಕದ ಕೆಳಗಿನ ಬಲ ಮೂಲೆಯಲ್ಲಿ ‘ಲ’ ಇದೆ, ಎಂದರೆ ಕನ್ಯಾ ಲಗ್ನ. ಅದರ ಮೇಲಿನ ಮನೆಯಲ್ಲಿ ಕುಜನಿದ್ದಾನೆ, ಅದು ಸಿಂಹ. ಮೇಲಿನ ಬಲ ಮೂಲೆಯಲ್ಲಿ ಚಂದ್ರ, ಅದು ಮಿಥುನ. ರವಿ ಕುಂಭದಲ್ಲಿ, ಶುಕ್ರ ಮೀನದಲ್ಲಿ. ಕುಜನ ಭಾವ 5 − 6 + 1 = 0, ಹನ್ನೆರಡು ಸೇರಿಸಿದರೆ 12. ಮೇಷದಿಂದ ಎಣಿಸುವ ತಪ್ಪು ಮಾಡಿದವರು ಇದನ್ನು ಐದನೆಯ ಮನೆ ಎಂದು ಓದಿ ಕುಜದೋಷವಿಲ್ಲ ಎನ್ನುತ್ತಾರೆ.

## ಹಂತ 6: ಪಟ್ಟಿ ಆಕಾಶಕ್ಕೆ ಒಪ್ಪುತ್ತದೆಯೇ ನೋಡಿ

ಬರಹದ ಬಗೆ ಯಾವುದೇ ಇರಲಿ, ಕೆಲವು ಸಂಗತಿಗಳು ಎಲ್ಲ ಜಾತಕಗಳಲ್ಲೂ ನಿಜವಾಗಿರಲೇಬೇಕು. ಈ ಹಂತವನ್ನು ದಾಟಿಸಿ ಮುಂದೆ ಹೋಗುವವರೇ ಹೆಚ್ಚು. ಆದರೆ ಓದು ತಪ್ಪಿದ್ದರೆ ಅದು ಸಿಕ್ಕಿಬೀಳುವುದು ಇಲ್ಲಿಯೇ.

ರಾಹುವಿಗೆ ಕೇತು ಯಾವಾಗಲೂ ಏಳನೆಯ ರಾಶಿಯಲ್ಲಿರಬೇಕು. ಬುಧ ರವಿಯಿಂದ ಸುಮಾರು 28 ಅಂಶಗಳಿಗಿಂತ ದೂರ ಹೋಗುವುದಿಲ್ಲ, ಹಾಗಾಗಿ ಅವನು ರವಿಯ ರಾಶಿಯಲ್ಲೋ ಅದರ ಅಕ್ಕಪಕ್ಕದಲ್ಲೋ ಇರಬೇಕು. ಶುಕ್ರನ ಮಿತಿ ಸುಮಾರು 48 ಅಂಶ, ಆದ್ದರಿಂದ ಅವನು ಎರಡು ರಾಶಿಗಳಿಗಿಂತ ಆಚೆಗೆ ಸಿಗಲಾರ. ನಮ್ಮ ವರನ ಪಟ್ಟಿ ಈ ಮೂರಕ್ಕೂ ಒಪ್ಪುತ್ತದೆ.

ರವಿಯ ರಾಶಿಯನ್ನು ಜನ್ಮದಿನಾಂಕದೊಡನೆ ತಾಳೆ ನೋಡಿ. ಈಗಿನ ಕಾಲದಲ್ಲಿ ರವಿ ಮೇಷಕ್ಕೆ ಬರುವುದು ಏಪ್ರಿಲ್ 14ರ ಸುಮಾರಿಗೆ, ಮಕರಕ್ಕೆ ಜನವರಿ 14ರ ಸುಮಾರಿಗೆ. ನವೆಂಬರ್ ಕೊನೆಯ ವಾರದಲ್ಲಿ ರವಿ ವೃಶ್ಚಿಕದಲ್ಲಿರಬೇಕು, ಇದ್ದಾನೆ. ಯಾರಾದರೂ ಈ ಕುಂಡಲಿಯ ರವಿಯನ್ನು ಮನೆಯ ಜಾಗ ನೋಡಿ ‘ಏಳು, ಆದ್ದರಿಂದ ತುಲಾ’ ಎಂದು ಓದಿದ್ದರೆ, ಅದು ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗಿನ ಜನನವಾಗಬೇಕಿತ್ತು. ತಪ್ಪು ಕೂಡಲೇ ಗೊತ್ತಾಗುತ್ತದೆ.

ಲಗ್ನವನ್ನು ಸಮಯದೊಡನೆ ನೋಡಿ. ಸೂರ್ಯೋದಯದ ಹೊತ್ತಿಗೆ ರವಿಯ ರಾಶಿಯೇ ಲಗ್ನ, ಸೂರ್ಯಾಸ್ತದ ಹೊತ್ತಿಗೆ ಅದರ ಏಳನೆಯ ರಾಶಿ ಲಗ್ನ, ಆಮೇಲೆ ಸರಾಸರಿ ಎರಡು ಗಂಟೆಗೊಂದು ರಾಶಿ ಮುಂದುವರಿಯುತ್ತದೆ. ವರನ ಜನನ ಸೂರ್ಯಾಸ್ತದ ಆಸುಪಾಸಿನದು, ಲಗ್ನ ವೃಷಭ, ಸರಿಯಾಗಿದೆ. ವಧುವಿನ ರವಿ ಕುಂಭದಲ್ಲಿರುವುದರಿಂದ ಸಂಜೆ ಸಿಂಹ ಲಗ್ನ, ರಾತ್ರಿ 8ಕ್ಕೆ ಕನ್ಯಾ, ಅದೂ ಸರಿ.

ಕೊನೆಗೆ ಚಂದ್ರ. ಅಮಾವಾಸ್ಯೆಯಲ್ಲಿ ಚಂದ್ರ ರವಿಯೊಡನೆ, ಹುಣ್ಣಿಮೆಯಲ್ಲಿ ಎದುರು, ಒಂದು ರಾಶಿ ಅಂತರಕ್ಕೆ ಎರಡೂವರೆ ತಿಥಿ. ಶುಕ್ಲ ಷಷ್ಠಿಯಲ್ಲಿ ಚಂದ್ರ ರವಿಗಿಂತ 60ರಿಂದ 72 ಅಂಶ ಮುಂದಿರುತ್ತಾನೆ. ವೃಶ್ಚಿಕದ ಆರಂಭದ ಭಾಗದಲ್ಲಿರುವ ರವಿಯಿಂದ ಅಷ್ಟು ಮುಂದೆ ಹೋದರೆ ಮಕರ.

## ಹಂತ 7: ಎರಡನ್ನೂ ಒಂದೇ ಬಗೆಗೆ ತನ್ನಿ

ಪಟ್ಟಿ ಪರೀಕ್ಷೆಯಲ್ಲಿ ಗೆದ್ದ ಮೇಲೆ ನಿಮಗೆ ರೂಢಿಯಿರುವ ಬಗೆಯಲ್ಲಿ ಎರಡು ಜಾತಕಗಳನ್ನೂ ಹೊಸದಾಗಿ ಬರೆದುಕೊಳ್ಳಿ. ಪಟ್ಟಿಯ ರಾಶಿ ಕಲಮಿನಿಂದ ಮಾತ್ರ ಬರೆಯಿರಿ, ಭಾವ ಕಲಮಿನಿಂದ ಬೇಡ. ವರನ ಕುಂಡಲಿಯನ್ನು ದಕ್ಷಿಣ ಕ್ರಮಕ್ಕೆ ತಂದಾಗ ಮೇಲಿನ ಸಾಲಿನ ಮೂರನೆಯ ಮನೆಯಲ್ಲಿ ‘ಲ’, ಕೆಳಗಿನ ಎಡ ಮೂಲೆಯಲ್ಲಿ ಕುಜ ಶುಕ್ರರು, ಅದರ ಮೇಲಿನ ಮನೆಯಲ್ಲಿ ಚಂದ್ರ ಬರುತ್ತಾರೆ.

ವಜ್ರದ ಚಿತ್ರವನ್ನು ಕಣ್ಣಳತೆಯಲ್ಲಿ ಚೌಕಕ್ಕೆ ಇಳಿಸಲು ಹೋದರೆ ಎಣಿಕೆಯ ದಿಕ್ಕು ಮಗುಚುತ್ತದೆ. ಎಂಟನೆಯ ಮನೆಯನ್ನು ಪ್ರದಕ್ಷಿಣವಾಗಿ ಎಣಿಸಿದರೆ ಆರನೆಯದಾಗಿ ಕಾಣುತ್ತದೆ, ನಾಲ್ಕನೆಯದು ಹತ್ತನೆಯದಾಗುತ್ತದೆ. ಒಂದು ಮತ್ತು ಏಳು ಮಾತ್ರ ಎರಡು ದಿಕ್ಕಿನಲ್ಲೂ ಒಂದೇ ಜಾಗದಲ್ಲಿರುತ್ತವೆ. ಅವು ಸರಿಬಂದವೆಂದು ಉಳಿದವೂ ಸರಿ ಎಂದು ನಂಬುವುದರಿಂದ ಈ ತಪ್ಪು ಬಹಳ ಹೊತ್ತು ಬಯಲಾಗದೆ ಉಳಿಯುತ್ತದೆ.

## ಹಂತ 8: ಚಂದ್ರನಿಂದ ಕೂಟಗಳನ್ನು ನೋಡಿ

36 ಗುಣಗಳ ಅಷ್ಟಕೂಟ ನಿಂತಿರುವುದು ಚಂದ್ರನ ರಾಶಿ ಮತ್ತು ನಕ್ಷತ್ರದ ಮೇಲೆ. ಲಗ್ನಕ್ಕೆ ಅಲ್ಲಿ ಕೆಲಸವಿಲ್ಲ. ವಧುವಿನ ಮಿಥುನದಿಂದ ವರನ ಮಕರ ಎಂಟನೆಯದು, ಮಕರದಿಂದ ಮಿಥುನ ಆರನೆಯದು. ಇದು ಷಷ್ಠಾಷ್ಟಕ, ಭಕೂಟದ 7 ಗುಣಗಳಲ್ಲಿ ಒಂದೂ ಸಿಗುವುದಿಲ್ಲ. ವರನ ಚಂದ್ರ ಒಂಬತ್ತನೆಯ ಜಾಗದಲ್ಲಿದ್ದಾನೆಂದು ಅದನ್ನು ಧನು ಎಂದು ಓದಿದವರಿಗೆ ಮಿಥುನ–ಧನು ಸಮಸಪ್ತಕವಾಗಿ ಕಂಡು ಪೂರ್ತಿ 7 ಗುಣಗಳು ಬರುತ್ತವೆ. ಮಿಥುನ–ಮಕರವನ್ನು ಮಿತ್ರಷಷ್ಠಾಷ್ಟಕವೆಂದು ಎಣಿಸಿ ದೋಷವನ್ನು ಹಗುರಗೊಳಿಸುವ ಸಂಪ್ರದಾಯವೂ ಇದೆ. ಆದರೆ ಆ ವಿನಾಯಿತಿಯನ್ನು ಕೊಡಬೇಕೋ ಬೇಡವೋ ಎಂಬುದು ಹಿರಿಯರೂ ಜೋಯಿಸರೂ ತಿಳಿದು ನಿರ್ಧರಿಸಬೇಕಾದ ವಿಷಯ, ಓದಿನ ತಪ್ಪಿನಿಂದ ತಾನಾಗಿ ಆಗಬೇಕಾದದ್ದಲ್ಲ.

ನಕ್ಷತ್ರವನ್ನು ಮಾತ್ರ ಯಾವ ಬಗೆಯ ಕುಂಡಲಿಯ ಚಿತ್ರದಿಂದಲೂ ಹೇಳಲಾಗದು. ಮಕರದಲ್ಲಿ ಉತ್ತರಾಷಾಢದ ಮೂರು ಪಾದ, ಶ್ರವಣದ ನಾಲ್ಕು, ಧನಿಷ್ಠೆಯ ಎರಡು ಇವೆ. ಮಿಥುನದಲ್ಲಿ ಮೃಗಶಿರಾ, ಆರ್ದ್ರಾ, ಪುನರ್ವಸು ಹಂಚಿಕೊಂಡಿವೆ. ವರನದು ಶ್ರವಣ, ವಧುವಿನದು ಆರ್ದ್ರಾ ಆದರೆ ಅಂತ್ಯನಾಡಿ ಮತ್ತು ಆದ್ಯನಾಡಿ, ನಾಡಿಕೂಟದ 8 ಗುಣಗಳೂ ಸಿಗುತ್ತವೆ. ಅದೇ ರಾಶಿಗಳಲ್ಲೇ ಧನಿಷ್ಠಾ ಮತ್ತು ಮೃಗಶಿರಾ ಆಗಿದ್ದರೆ ಇಬ್ಬರದೂ ಮಧ್ಯನಾಡಿ, ಗುಣ ಸೊನ್ನೆ. ಕುಂಡಲಿಯ ಚಿತ್ರ ಎರಡು ಸಂದರ್ಭದಲ್ಲೂ ಒಂದೇ ರೀತಿ ಕಾಣುತ್ತದೆ. ಆದ್ದರಿಂದ ಸ್ಫುಟವನ್ನೇ ನೋಡಬೇಕು. ವರನ ಚಂದ್ರ ಮಕರದ 14 ಅಂಶದಲ್ಲಿದ್ದರೆ, ಶ್ರವಣ 10 ಅಂಶದಿಂದ 23 ಅಂಶ 20 ಕಲೆಯವರೆಗೆ ಇರುವುದರಿಂದ, ಅದು ಶ್ರವಣದ ಎರಡನೆಯ ಪಾದ.

ಎರಡು ಜಾತಕಗಳನ್ನು ಬೇರೆಬೇರೆ ಅಯನಾಂಶದಿಂದ ಗಣಿಸಿದ್ದಾರೆಯೇ ಎಂಬುದನ್ನೂ ಇಲ್ಲಿಯೇ ವಿಚಾರಿಸಿ. ಲಾಹಿರಿ ಮತ್ತು ರಾಮನ್ ಅಯನಾಂಶಗಳ ನಡುವೆ ಸುಮಾರು ಒಂದೂವರೆ ಅಂಶದ ಅಂತರವಿದೆ. ಲಾಹಿರಿಯಲ್ಲಿ ಮಕರದ 9 ಅಂಶದಲ್ಲಿರುವ ಚಂದ್ರ ಉತ್ತರಾಷಾಢದವನು, ರಾಮನ್ ಲೆಕ್ಕದಲ್ಲಿ ಅವನೇ ಶ್ರವಣಕ್ಕೆ ದಾಟುತ್ತಾನೆ. ಚಂದ್ರ ನಕ್ಷತ್ರದ ಗಡಿಯಿಂದ ಎರಡು ಅಂಶದೊಳಗಿದ್ದರೆ ಎರಡೂ ಜಾತಕಗಳನ್ನು ಒಂದೇ ಅಯನಾಂಶದಲ್ಲಿ ಮತ್ತೆ ಗಣಿಸಿಯೇ ಮುಂದುವರಿಯಬೇಕು.

## ಹಂತ 9: ಕುಜದೋಷಕ್ಕೆ ಒಂದೇ ನಿಯಮವನ್ನು ಇಬ್ಬರಿಗೂ ಹಚ್ಚಿ

ಇಲ್ಲಿ ಬರಹದ ಬಗೆಯ ಜೊತೆಗೆ ನಿಯಮವೂ ಬದಲಾಗುತ್ತದೆ. ಉತ್ತರದಲ್ಲಿ ರೂಢಿಯಾಗಿ 1, 4, 7, 8, 12ನೆಯ ಮನೆಗಳ ಕುಜನನ್ನು ದೋಷವೆನ್ನುತ್ತಾರೆ. ದಕ್ಷಿಣದಲ್ಲಿ ಒಂದನೆಯದರ ಬದಲಿಗೆ ಎರಡನೆಯ ಮನೆಯನ್ನು ಹಿಡಿದು 2, 4, 7, 8, 12 ಎನ್ನುತ್ತಾರೆ. ಲಗ್ನದಿಂದ ಮಾತ್ರವಲ್ಲದೆ ಚಂದ್ರನಿಂದಲೂ ಶುಕ್ರನಿಂದಲೂ ನೋಡುವ ಪದ್ಧತಿಯಿದೆ.

ವರನ ಕುಜ ಲಗ್ನದಿಂದ ಎಂಟರಲ್ಲಿ, ಚಂದ್ರನಿಂದ ಹನ್ನೆರಡರಲ್ಲಿ. ಇವೆರಡನ್ನೂ ಎರಡು ನಿಯಮಗಳೂ ದೋಷವೆನ್ನುತ್ತವೆ. ಶುಕ್ರನಿಂದ ನೋಡಿದರೆ ಅವನು ಒಂದರಲ್ಲಿದ್ದಾನೆ: ಉತ್ತರದ ನಿಯಮದಲ್ಲಿ ಅದು ದೋಷ, ದಕ್ಷಿಣದ ನಿಯಮದಲ್ಲಿ ಅಲ್ಲ. ವಧುವಿನ ಕುಜ ಲಗ್ನದಿಂದ ಹನ್ನೆರಡರಲ್ಲಿ, ದೋಷವಿದೆ. ಚಂದ್ರನಿಂದ ಮೂರು, ಶುಕ್ರನಿಂದ ಆರು, ಅಲ್ಲಿ ಇಲ್ಲ. ಇಬ್ಬರಿಗೂ ಲಗ್ನದಿಂದ ದೋಷವಿರುವುದರಿಂದ ಸಾಮ್ಯದ ಮಾತಿಗೆ ಆಧಾರ ಸಿಗುತ್ತದೆ. ವರನ 9 ಎಂಬ ಅಂಕಿಯನ್ನು ಒಂಬತ್ತನೆಯ ಭಾವವೆಂದು ಓದಿದ್ದರೆ ಅವನಿಗೆ ಲಗ್ನದಿಂದ ದೋಷವಿಲ್ಲವೆಂದಾಗಿ, ವಧುವಿಗೆ ಮಾತ್ರ ದೋಷವೆಂದು ಈ ಸಂಬಂಧ ಅನ್ಯಾಯವಾಗಿ ಮುರಿದುಬೀಳುತ್ತಿತ್ತು.

ಎದುರು ಕುಟುಂಬದ ಜೋಯಿಸರ ತೀರ್ಮಾನ ನಿಮ್ಮದಕ್ಕೆ ಹೊಂದದಿದ್ದರೆ ಕುಂಡಲಿಯ ಫೋಟೋಗಳನ್ನು ಮತ್ತೆ ಮತ್ತೆ ಕಳುಹಿಸಿಕೊಳ್ಳುವ ಬದಲು ಐದನೆಯ ಹಂತದ ಪಟ್ಟಿಯನ್ನು ರಾಶಿಯ ಹೆಸರುಗಳೊಡನೆ ಕಳುಹಿಸಿ, ಜೊತೆಗೆ ಚಂದ್ರಸ್ಫುಟ, ಅಯನಾಂಶ ಮತ್ತು ಕುಜನಿಗೆ ಹಿಡಿದ ಮನೆಗಳನ್ನು ಬರೆಯಿರಿ. ಭಿನ್ನಾಭಿಪ್ರಾಯ ಓದಿನಲ್ಲಿದೆಯೋ, ಗಣಿತದಲ್ಲಿದೆಯೋ, ಸಂಪ್ರದಾಯದಲ್ಲಿದೆಯೋ ಎಂಬುದು ಆ ಒಂದು ಹಾಳೆಯಿಂದಲೇ ತಿಳಿಯುತ್ತದೆ.